ಮೇಲೊಂದು ಸಾಲು, ಕೆಳಗೆ ಬಾಟಮ್ ಟೆಕ್ಸ್ಟ್

ಪರದೆಯ ಮೇಲೆ ಎರಡು ಚಿತ್ರಗಳಿವೆ, ನೋಡಿ. ಎರಡರಲ್ಲೂ ಇರುವುದು ಅದೇ ಪೆಂಗ್ವಿನ್. ನೀಲಿ ಹಿನ್ನೆಲೆ. ಎಡಕ್ಕೆ ಮುಖ ಮಾಡಿ, ಯಾರ ಕಣ್ಣಿಗೂ ಬೀಳದೆ ಜಾಗ ಖಾಲಿ ಮಾಡಬೇಕು ಅನ್ನುವವರ ಹಾಗೆ ಹೆಜ್ಜೆ ಹಾಕುತ್ತಿದೆ. ಮೊದಲ ಚಿತ್ರದ ಮೇಲ್ಗಡೆ ದಪ್ಪ ಬಿಳಿ ಅಕ್ಷರದಲ್ಲಿ 'ಲಿಫ್ಟಿನ ಹತ್ತಿರ ಬೈ ಹೇಳಿ ಮುಗಿಸಿದೆ' ಅಂತಿದೆ. ಕೆಳಗಡೆ 'ಇಬ್ಬರೂ ಹೋಗಬೇಕಿದ್ದದ್ದು ಒಂದೇ ಮಹಡಿಗೆ' ಅಂತಿದೆ. ಎರಡನೇ ಚಿತ್ರದ ಮೇಲ್ಗಡೆ 'ಪೆಂಗ್ವಿನ್'. ಕೆಳಗಡೆ 'ನಡೆಯುತ್ತಿದೆ'. ಅಷ್ಟೇ.

ಮೊದಲನೆಯದಕ್ಕೆ ನಿಮ್ಮಲ್ಲಿ ಕೆಲವರು ಮುಗುಳ್ನಕ್ಕಿರಿ. ಎರಡನೆಯದಕ್ಕೆ ಹಿಂದಿನ ಸಾಲುಗಳಲ್ಲಿ ಕೂತ ಚಿಕ್ಕ ವಯಸ್ಸಿನವರು ಜೋರಾಗಿ ನಕ್ಕರು. ಮುಂದಿನ ಸಾಲಿನವರು ತಿರುಗಿ ನೋಡಿದರು, ಇದರಲ್ಲಿ ನಗುವಂಥದ್ದು ಏನಿದೆ ಅಂತ. ನಾನು ಇವತ್ತು ಮಾತಾಡಬೇಕಿರುವುದು ಆ ತಿರುಗಿ ನೋಡಿದ ಕ್ಷಣದ ಬಗ್ಗೆಯೇ. ಮೊದಲ ಚಿತ್ರದಲ್ಲಿ ಜೋಕ್ ಇದೆ. ಎರಡನೆಯದರಲ್ಲಿ ಜೋಕ್ ಇರಬೇಕಾದ ಜಾಗ ಮಾತ್ರ ಇದೆ. ಹಾಗಿದ್ದರೂ ನಗು ಬಂತು.

ಇಂಥ ಚಿತ್ರಗಳಿಗೆ ಇಮೇಜ್ ಮ್ಯಾಕ್ರೋ ಅನ್ನುತ್ತಾರೆ. ನಾವೆಲ್ಲ ಸುಮ್ನೆ ಮೀಮ್ ಅನ್ನುತ್ತೇವೆ. ಆದರೆ ಇವತ್ತಿನ ಮೀಮ್‌ಗಳಲ್ಲಿ ಬಹಳಷ್ಟು ಹೀಗಿರುವುದಿಲ್ಲ, ಹಾಗಾಗಿ ನಾನು ಇದನ್ನು ಹಳೇ ಶೈಲಿ ಎಂದು ಕರೆಯುತ್ತೇನೆ. ಮೂರು ಗುರುತುಗಳು ಸಾಕು: ಇಂಪ್ಯಾಕ್ಟ್ ಅನ್ನುವ ಫಾಂಟು, ಬಿಳಿ ಅಕ್ಷರಕ್ಕೆ ಕಪ್ಪು ಅಂಚು, ಮೇಲೊಂದು ಸಾಲು ಕೆಳಗೊಂದು ಸಾಲು.

ಫಾಂಟಿನಿಂದ ಶುರು ಮಾಡುತ್ತೇನೆ. ಇಂಪ್ಯಾಕ್ಟ್ ಇಂಟರ್‌ನೆಟ್ಟಿಗಾಗಿ ಹುಟ್ಟಿದ್ದಲ್ಲ, ಕಂಪ್ಯೂಟರಿಗಾಗಿ ಕೂಡ ಅಲ್ಲ. ಜೆಫ್ರಿ ಲೀ ಎಂಬ ಇಂಗ್ಲೆಂಡಿನ ವಿನ್ಯಾಸಕಾರ ಬರೆದದ್ದು. ಶೆಫೀಲ್ಡ್ ಊರಿನ ಸ್ಟೀಫನ್‌ಸನ್ ಬ್ಲೇಕ್ ಕಂಪನಿ 1965ರಲ್ಲಿ ಅದನ್ನು ಸೀಸದ ಮೊಳೆಗಳಾಗಿ ಎರಕ ಹೊಯ್ದು ಮಾರಿತು. ಪೋಸ್ಟರು, ಜಾಹೀರಾತು, ದೊಡ್ಡ ತಲೆಬರಹ, ಇವೇ ಅದರ ಕೆಲಸ. ಕಡಿಮೆ ಜಾಗದಲ್ಲಿ ಎಷ್ಟು ಮಸಿ ಹಿಡಿಸಬಹುದೋ ಅಷ್ಟನ್ನೂ ಹಿಡಿಸುವ ಅಕ್ಷರ ಅದು. ಗೆರೆಗಳು ದಪ್ಪ, ಅಕ್ಷರದ ಒಳಗಿನ ಖಾಲಿ ಕಿಂಡಿಗಳು ಸಣ್ಣ, ಒಂದಕ್ಕೊಂದು ಅಂಟಿಕೊಂಡ ಹಾಗೆ ಸಾಲು. ಇನ್ನೊಂದು ವಿಶೇಷ ಏನೆಂದರೆ, ಅದರ ಸಣ್ಣ ಅಕ್ಷರಗಳು ದೊಡ್ಡ ಅಕ್ಷರಗಳಿಗೆ ಹೆಚ್ಚುಕಡಿಮೆ ಹೆಗಲೆಣೆಯಾಗಿ ನಿಲ್ಲುತ್ತವೆ. ಲೀ ಅವರ ಜಾಣ್ಮೆ ಕಾಣುವುದು ಅಲ್ಲೇ. ಮೀಮ್ ಮಾಡಿದವರು ಬಹುಪಾಲು ಇಂಗ್ಲಿಷಿನ ದೊಡ್ಡ ಅಕ್ಷರಗಳನ್ನೇ ಬಳಸಿದರು. ಆ ಜಾಣ್ಮೆಯ ಭಾಗವನ್ನು ಹೆಚ್ಚಿನವರು ಮುಟ್ಟಲೇ ಇಲ್ಲ!

ಈ ಫಾಂಟು ಎಲ್ಲರ ಕೈಗೆ ಹೇಗೆ ಬಂತು? ಮೈಕ್ರೋಸಾಫ್ಟ್ 1996ರಲ್ಲಿ ಕೆಲವು ಫಾಂಟುಗಳನ್ನು ವೆಬ್ಬಿಗೋಸ್ಕರ ಉಚಿತವಾಗಿ ಹಂಚಲು ಶುರು ಮಾಡಿತು. ಏರಿಯಲ್, ಟೈಮ್ಸ್ ನ್ಯೂ ರೋಮನ್, ಕಾಮಿಕ್ ಸಾನ್ಸ್, ವರ್ಡಾನಾ ಅದರಲ್ಲಿದ್ದವು. ಇಂಪ್ಯಾಕ್ಟ್ ಕೂಡ ಇತ್ತು. ಆ ಪಟ್ಟಿಯನ್ನು ಒಮ್ಮೆ ಮನಸ್ಸಿನಲ್ಲೇ ಓಡಿಸಿ ನೋಡಿ. ಚಿತ್ರದ ಮೇಲೆ ಅಕ್ಷರ ಹಾಕಬೇಕು, ದಪ್ಪಗಿರಬೇಕು, ಕಿರಿದಾಗಿಯೂ ಇರಬೇಕು, ಯಾಕೆಂದರೆ ಒಂದು ಸಾಲಿನಲ್ಲಿ ಇಡೀ ವಾಕ್ಯ ಹಿಡಿಯಬೇಕು. ಬಹುಪಾಲು ಕಂಪ್ಯೂಟರಿನಲ್ಲಿ ಆಗಲೇ ಕೂತಿರುವ ಫಾಂಟುಗಳಲ್ಲಿ ಈ ಕೆಲಸಕ್ಕೆ ಒದಗುವುದು ಹೆಚ್ಚುಕಡಿಮೆ ಒಂದೇ. ಅಂದರೆ ಯಾರೋ ಕೂತು ಚಂದದ ಲೆಕ್ಕ ಹಾಕಿ ಆರಿಸಿದ್ದಲ್ಲ. ಕೈಗೆ ಸಿಕ್ಕಿತು, ಕೆಲಸಕ್ಕೆ ಬಂತು.

ಬಿಳಿ ಅಕ್ಷರಕ್ಕೆ ಕಪ್ಪು ಅಂಚು ಯಾಕೆ ಅನ್ನುವುದೂ ಅಷ್ಟೇ ಸರಳ. ಯಾವ ಚಿತ್ರ ಬರುತ್ತದೋ ಗೊತ್ತಿಲ್ಲ. ಹಿಮದ ಫೋಟೋ ಆದರೆ ಬಿಳಿ ಅಕ್ಷರ ಕರಗಿ ಹೋಗುತ್ತದೆ. ರಾತ್ರಿಯ ಫೋಟೋ ಆದರೆ ಕಪ್ಪು ಅಕ್ಷರ ಮುಳುಗುತ್ತದೆ. ಎರಡೂ ಒಟ್ಟಿಗೆ ಇದ್ದರೆ ಯಾವುದಾದರೂ ಒಂದು ಹಿನ್ನೆಲೆಯಿಂದ ಎದ್ದು ನಿಲ್ಲುತ್ತದೆ. ಚಿತ್ರ ನೋಡದೆಯೇ ಅಕ್ಷರ ಹಾಕಬಹುದು. ಮುಂದೆ ಮೀಮ್ ಜನರೇಟರುಗಳು, ಅಂದರೆ ಚಿತ್ರದ ಮೇಲೆ ತಾವೇ ಅಕ್ಷರ ಕೂರಿಸಿಕೊಡುವ ಸೈಟುಗಳು, ಬಂದಾಗ ಈ 'ನೋಡದೆಯೇ' ಅನ್ನುವುದು ಬಹಳ ದೊಡ್ಡ ವಿಷಯ ಆಯಿತು.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕೋಡ್ ಬರೆಯುವವರಿಗೆ ಖುಷಿಯಾಗುತ್ತದೆ. ಅಂಚು ಎಳೆಯುವಾಗ ಕಂಪ್ಯೂಟರು ಅಕ್ಷರದ ಗಡಿಯ ಮೇಲೆ ಸರಿಯಾಗಿ ನಡುವೆ ಪೆನ್ನು ಇಟ್ಟು ಗೆರೆ ಎಳೆಯುತ್ತದೆ. ಅರ್ಧ ಗೆರೆ ಹೊರಗೆ ಹೋಗುತ್ತದೆ, ಅರ್ಧ ಒಳಗೆ ಬರುತ್ತದೆ. ಮೊದಲು ಬಿಳಿ ತುಂಬಿ ಆಮೇಲೆ ಅಂಚು ಎಳೆದರೆ, ಆ ಒಳಗೆ ಬಂದ ಅರ್ಧ ಬಿಳಿಯನ್ನು ತಿಂದುಹಾಕುತ್ತದೆ. ಇಂಪ್ಯಾಕ್ಟಿನ ದಪ್ಪವೇ ಹೋಗಿ ಅಕ್ಷರ ಬಡಕಲಾಗುತ್ತದೆ. ಹಾಗಾಗಿ ಅಂಚು ಮೊದಲು, ಬಿಳಿ ಆಮೇಲೆ. ಫಾಂಟು, ಬಣ್ಣ, ಗೆರೆಯ ದಪ್ಪ ಮೊದಲೇ ಹೊಂದಿಸಿಟ್ಟಿದ್ದರೆ ಬ್ರೌಸರಿನಲ್ಲಿ ಇದಕ್ಕೆ ಮೂರೇ ಸಾಲು:

```
ctx.lineJoin = "round";
ctx.strokeText(line, x, y);
ctx.fillText(line, x, y);
```

ಮೊದಲ ಸಾಲನ್ನು ಮರೆತರೆ ಏನಾಗುತ್ತದೆ ಗೊತ್ತಾ? ಎಮ್, ಡಬ್ಲ್ಯೂ ಥರ ಚೂಪು ಮೂಲೆಯಿರುವ ಅಕ್ಷರಗಳಿಂದ ಮುಳ್ಳಿನ ಹಾಗೆ ಕಪ್ಪು ಕೊಂಬುಗಳು ಹೊರಬರುತ್ತವೆ. ಆತುರದಲ್ಲಿ ಮಾಡಿದ ಜನರೇಟರನ್ನು ಆ ಕೊಂಬು ನೋಡಿಯೇ ಗುರುತು ಹಿಡಿಯಬಹುದು.

ಸರಿ, ಅಕ್ಷರ ಸಾಕು. ಆ ಅಕ್ಷರ ಎಲ್ಲಿ ಕೂರುತ್ತದೆ ಅನ್ನುವುದಕ್ಕೆ ಬರೋಣ. ನನ್ನ ಪ್ರಕಾರ ಈ ಶೈಲಿಯ ನಿಜವಾದ ಚಮತ್ಕಾರ ಫಾಂಟಿನಲ್ಲಿಲ್ಲ, ಮಧ್ಯೆ ಬಿಟ್ಟ ಜಾಗದಲ್ಲಿದೆ. ಜೋಕ್ ಹೇಳುವವರಿಗೆ ಗೊತ್ತು, ಕೊನೆಯ ಮಾತಿಗೆ ಮುಂಚೆ ಒಂದು ಉಸಿರು ನಿಲ್ಲಬೇಕು. ಬರಹದಲ್ಲಿ ಅದು ಕಷ್ಟ. ಕಣ್ಣು ಸರ್ರನೆ ಮುಂದಿನ ಸಾಲಿಗೆ ಹಾರಿಬಿಡುತ್ತದೆ. ಆದರೆ ಇಲ್ಲಿ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಹೋಗಬೇಕಾದರೆ ಕಣ್ಣು ಚಿತ್ರವನ್ನು ದಾಟಲೇಬೇಕು. ಆ ದಾಟುವ ಹೊತ್ತೇ ಉಸಿರು. ಮುಖ ನೋಡುತ್ತೀರಿ, ಏನಾಗಬಹುದು ಅಂತ ಅರ್ಧ ಊಹಿಸುತ್ತೀರಿ, ಕೆಳಗೆ ಇಳಿಯುತ್ತೀರಿ, ಏಟು ಬೀಳುತ್ತದೆ.

ಶುರುವಿನಲ್ಲಿ ಈ ನಿಯಮ ಇಷ್ಟು ಗಟ್ಟಿಯಿರಲಿಲ್ಲ. 2007ರ ಸುಮಾರಿಗೆ ಎಲ್ಲೆಡೆ ಹರಡಿದ ಲಾಲ್‌ಕ್ಯಾಟ್ ಅನ್ನುವ ಬೆಕ್ಕಿನ ಚಿತ್ರಗಳಲ್ಲಿ ಅಕ್ಷರ ಎಲ್ಲಿ ಬೇಕಾದರೂ ಇರುತ್ತಿತ್ತು, ಒಂದೇ ಸಾಲೂ ಆಗುತ್ತಿತ್ತು. ಬೆಕ್ಕು ತಪ್ಪು ಇಂಗ್ಲಿಷಿನಲ್ಲಿ ಮಾತಾಡುತ್ತದೆ, ಅಲ್ಲಿಗೆ ಜೋಕ್ ಮುಗಿಯಿತು. ಎರಡು ಸಾಲನ್ನು ಪಕ್ಕಾ ಮಾಡಿದ್ದು ಅಡ್ವೈಸ್ ಡಾಗ್ ಮತ್ತು ಅದರ ಸಂತಾನ. 2006ರಲ್ಲಿ ಬಂದ ಒಂದು ನಾಯಿಮರಿಯ ತಲೆ, ಹಿಂದೆ ಚಕ್ರದ ಹಾಗೆ ಸೀಳು ಸೀಳಾಗಿ ಬಣ್ಣ. ಅದು ಕೊಡುವುದೆಲ್ಲ ಹಾಳು ಸಲಹೆ. ಆಮೇಲೆ ಅದೇ ಅಚ್ಚಿನಲ್ಲಿ ತೋಳ ಬಂತು, ಡೈನೋಸಾರ್ ಬಂತು, 2009ರಲ್ಲಿ ನಾವು ಈಗ ನೋಡಿದ ಪೆಂಗ್ವಿನ್ ಬಂತು. ಮನುಷ್ಯರು ಬಂದಾಗಲೂ ಇವಕ್ಕೆ ಅಡ್ವೈಸ್ ಅನಿಮಲ್ ಅಂತಲೇ ಹೆಸರು.

ಈ ಪಾತ್ರಗಳು ಏನು ಮಾಡುತ್ತವೆ ನೋಡಿ. ಬ್ಯಾಡ್ ಲಕ್ ಬ್ರಿಯಾನ್ ಅಂತ 2012ರಲ್ಲಿ ಬಂದ ಪಾತ್ರ ಇದೆ. ಶಾಲೆಯ ಫೋಟೋ, ಕೆಂಪು ಸ್ವೆಟರು, ಹಲ್ಲಿಗೆ ಕ್ಲಿಪ್ಪು, ತುಂಬು ನಗು. ಒಂದು ಸಾಲು ನಾನೇ ಕಟ್ಟುತ್ತೇನೆ. ಮೇಲೆ: 'ಸರ್‌ಪ್ರೈಸ್ ಪಾರ್ಟಿಗೆ ಅಂತ ಕತ್ತಲಲ್ಲಿ ಅಡಗಿ ಕೂತ'. ಕೆಳಗೆ: 'ಪಾರ್ಟಿ ಪಕ್ಕದ ಮನೆಯಲ್ಲಿ'. ಯಾರು ಅಡಗಿ ಕೂತ? ಹೇಳಬೇಕಾಗಿಲ್ಲ, ಚಿತ್ರದಲ್ಲಿದ್ದಾನೆ. ಒಳ್ಳೆಯದಾಗುತ್ತದಾ ಕೆಟ್ಟದ್ದಾ? ಅದನ್ನೂ ಹೇಳಬೇಕಾಗಿಲ್ಲ, ಬ್ರಿಯಾನ್‌ಗೆ ಯಾವತ್ತೂ ಕೆಟ್ಟದ್ದೇ. ಕತೆಯ ಅರ್ಧ ಭಾಗ ಮುಖದಲ್ಲೇ ಬರೆದಿಟ್ಟಿದೆ. ಬರೆಯುವವರು ತುಂಬಬೇಕಾದ್ದು ಹತ್ತು ಹದಿನೈದು ಪದ ಮಾತ್ರ. ಅದೇ ಎರಡು ಸಾಲನ್ನು ಪೆಂಗ್ವಿನ್ ಮೇಲೆ ಹಾಕಿ ನೋಡಿ, ಸಪ್ಪೆಯಾಗುತ್ತದೆ. ಪೆಂಗ್ವಿನ್ ಹತಭಾಗ್ಯ ಅಲ್ಲ, ಅದು ಸಂಕೋಚದ ಪ್ರಾಣಿ. ಅದರ ಕಷ್ಟಕ್ಕೆ ಅದೇ ಕಾರಣ ಆಗಬೇಕು. ಲಿಫ್ಟಿನ ಹತ್ತಿರ ಬೈ ಹೇಳಿ ಸಿಕ್ಕಿಹಾಕಿಕೊಳ್ಳುವುದು ಪೆಂಗ್ವಿನ್ ಮಾತು, ತಪ್ಪು ಮನೆಯಲ್ಲಿ ಅಡಗುವುದು ಬ್ರಿಯಾನ್ ಮಾತು.

ಈ ವ್ಯಾಕರಣ ಎಷ್ಟು ಗಟ್ಟಿಯಾಯಿತು ಅಂದರೆ, ಪೆಂಗ್ವಿನ್ನನ್ನು ಬಲಕ್ಕೆ ತಿರುಗಿಸಿ ಹಿನ್ನೆಲೆ ಕೆಂಪು ಮಾಡಿದರೆ ಅದು ಗೆಲ್ಲುವ ಪೆಂಗ್ವಿನ್ ಆಯಿತು. ಆಮೇಲೆ ಯಾರೋ ಎರಡನ್ನೂ ಕತ್ತರಿಸಿ ಜೋಡಿಸಿದರು. ಮೇಲರ್ಧ ಕೆಂಪು, ಕೆಳಗರ್ಧ ನೀಲಿ. ಅಂದರೆ ಮೊದಲು ಗೆಲುವು, ಆಮೇಲೆ ಪೆಚ್ಚು. ಅಕ್ಷರ ಓದುವ ಮುಂಚೆ ಬಣ್ಣವೇ ಹೇಳಿಬಿಡುತ್ತದೆ, ಈ ಕತೆ ಮೇಲಿಂದ ಕೆಳಕ್ಕೆ ಬೀಳುತ್ತದೆ ಅಂತ.

ಪೆಂಗ್ವಿನ್ ವಿಷಯ ಬಂದಾಗ ಇದನ್ನೂ ಹೇಳಿಬಿಡುತ್ತೇನೆ. ಅದು ಯಾರದೂ ಅಲ್ಲದ ಚಿತ್ರ ಅಂತ ಎಲ್ಲರೂ ಅಂದುಕೊಂಡಿದ್ದೆವು. ನಿಜಕ್ಕೂ ಅದು ನ್ಯಾಷನಲ್ ಜಿಯಾಗ್ರಫಿಕ್‌ಗಾಗಿ ಜಾರ್ಜ್ ಮೋಬ್ಲಿ ಅನ್ನುವ ಛಾಯಾಗ್ರಾಹಕರು ತೆಗೆದ ಫೋಟೋದಿಂದ ಕತ್ತರಿಸಿದ್ದು. ಅದನ್ನು ಬಳಸಿದ ಜರ್ಮನಿಯ ಒಂದು ಕಂಪನಿಗೆ ಗೆಟ್ಟಿ ಇಮೇಜಸ್ ಸಂಸ್ಥೆ ಪರವಾನಗಿ ಹಣ ಕೇಳಿತು. ಕಂಪನಿ ಕಟ್ಟಿತು, 2015ರಲ್ಲಿ ಅದನ್ನು ಬಹಿರಂಗವಾಗಿ ಹೇಳಿತು, ಜೊತೆಗೆ ತನ್ನದೇ ಒಂದು ಪೆಂಗ್ವಿನ್ ಬಿಡಿಸಿ ಯಾರು ಬೇಕಾದರೂ ಬಳಸಿ ಅಂತ ಕೊಟ್ಟಿತು. ಹೊಸ ಪೆಂಗ್ವಿನ್ ಯಾಕೋ ಹಳೆಯದರಷ್ಟು ಪೆಚ್ಚಾಗಿ ಕಾಣುವುದಿಲ್ಲ ಅನ್ನುವುದು ನನ್ನ ದೂರು.

ಈಗ ಜನರೇಟರು. 2009, 2010ರ ಹೊತ್ತಿಗೆ ಈ ಕೆಲಸ ಮಾಡಿಕೊಡುವ ಸೈಟುಗಳು ಬಂದವು. ಪಾತ್ರ ಆರಿಸಿ, ಎರಡು ಖಾಲಿ ಪೆಟ್ಟಿಗೆ ಇರುತ್ತವೆ, ತುಂಬಿ, ಬಟನ್ ಒತ್ತಿ. ಆ ಪೆಟ್ಟಿಗೆಗಳಲ್ಲಿ ತಿಳಿಬೂದು ಬಣ್ಣದಲ್ಲಿ 'ಟಾಪ್ ಟೆಕ್ಸ್ಟ್' ಅಂತ, 'ಬಾಟಮ್ ಟೆಕ್ಸ್ಟ್' ಅಂತ ಬರೆದಿರುತ್ತಿತ್ತು. ಇಲ್ಲಿ ಬರೆಯಿರಿ ಅನ್ನುವ ಸೂಚನೆ, ಬೇರೇನಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಮೊದಲು ಮೀಮ್ ಮಾಡಲು ಫೋಟೋಶಾಪೋ ಪೇಂಟೋ ಬೇಕಿತ್ತು. ಫೈಲ್ ತೆರೆಯಬೇಕು, ಅಕ್ಷರ ಅಳೆಯಬೇಕು, ಅಂಚು ಹಾಕಬೇಕು. ಆ ಹೊತ್ತಿನಲ್ಲಿ ಸಪ್ಪೆ ಜೋಕ್‌ಗಳು ತಾವಾಗಿಯೇ ಸತ್ತುಹೋಗುತ್ತಿದ್ದವು. ಇಷ್ಟು ಕಷ್ಟಪಡುವಷ್ಟು ಇದು ಚೆನ್ನಾಗಿದೆಯಾ ಅಂತ ಮಾಡುವವರಿಗೇ ಅನುಮಾನ ಬರುತ್ತಿತ್ತು. ಜನರೇಟರು ಆ ಅನುಮಾನದ ಹೊತ್ತನ್ನು ತೆಗೆದುಹಾಕಿತು. ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎಷ್ಟೋ ಜನ ಮೊದಲ ಸಲ ಇಂಟರ್‌ನೆಟ್ಟಿನಲ್ಲಿ ತಮ್ಮದು ಅಂತ ಏನಾದರೂ ಮಾಡಿದ್ದು ಇದರಿಂದಲೇ. ಆದರೆ ಪರಿಣಾಮ ಏನಾಯಿತು? ಪಾತ್ರದ ನಿಯಮ ಗೊತ್ತಿಲ್ಲದವರೂ ಮಾಡತೊಡಗಿದರು. ಜೋಕಿನ ಕೊನೆಯ ಮಾತನ್ನು ಮೇಲೆಯೇ ಬರೆದುಬಿಡುವುದು. ಒಂದೇ ಉದ್ದ ವಾಕ್ಯವನ್ನು ಮಧ್ಯಕ್ಕೆ ಮುರಿದು ಎರಡು ಪೆಟ್ಟಿಗೆಗೆ ಹಾಕುವುದು. ಮೂರು ಸಾಲು, ನಾಲ್ಕು ಸಾಲು ಆಗಿ, ಜನರೇಟರು ಅಕ್ಷರವನ್ನು ಕುಗ್ಗಿಸಿ ಕುಗ್ಗಿಸಿ ಇರುವೆ ಸಾಲು ಮಾಡುವುದು. ಕೊನೆಗೆ ಚಿತ್ರಕ್ಕೂ ಮಾತಿಗೂ ಸಂಬಂಧವೇ ಇಲ್ಲದೆ, 'ನನ್ನ ಅಭಿಪ್ರಾಯ ಇದು' ಅನ್ನುವುದನ್ನು ಯಾವುದೋ ಮುಖದ ಮೇಲೆ ಅಂಟಿಸುವುದು.

ಜನ ಜಾಸ್ತಿ ಆಗಿದ್ದರಿಂದ ಶೈಲಿ ಹಳತಾಯಿತು ಅಂತ ಹೇಳಿ ಮುಗಿಸಬಹುದಿತ್ತು. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಕಾರಣ ಇನ್ನೂ ಎರಡಿವೆ.

ಒಂದು, ಓದುವ ಜಾಗ ಬದಲಾಯಿತು. 2013ರಲ್ಲಿ ಟ್ವಿಟರ್ ಚಿತ್ರಗಳನ್ನು ಸಾಲಿನ ನಡುವೆಯೇ ತೆರೆದು ತೋರಿಸತೊಡಗಿತು. ಆಗ ಮೇಲಿನ ಸಾಲಿಗೆ ಚಿತ್ರದೊಳಗೆ ಜಾಗ ಬೇಕಾಗಲಿಲ್ಲ. ಟ್ವೀಟಿನಲ್ಲೇ ಮಾತು ಬರೆದು, ಕೆಳಗೆ ಚಿತ್ರ ಇಟ್ಟರೆ ಆಯಿತು. ಅದರ ಸ್ಕ್ರೀನ್‌ಶಾಟ್ ಬೇರೆ ಕಡೆ ಓಡಾಡಿತು. ನೋಡನೋಡುತ್ತಿದ್ದಂತೆ ಬಿಳಿ ಪಟ್ಟಿಯ ಮೇಲೆ ಕಪ್ಪು ಸಾದಾ ಅಕ್ಷರ, ಕೆಳಗೆ ಮುಖ, ಇದೇ ಹೊಸ ಮೀಮ್ ಆಯಿತು. ಇಲ್ಲಿ ಕ್ರಮವೂ ಬದಲಾಗಿದೆ. ಹಳೆಯದರಲ್ಲಿ ಮಾತು, ಚಿತ್ರ, ಮಾತು. ಕೊನೆಯ ಏಟು ಮಾತಿನದು. ಹೊಸದರಲ್ಲಿ ಮಾತು, ಚಿತ್ರ. ಕೊನೆಯ ಏಟು ಮುಖದ್ದು. ಇದರ ಪಕ್ಕದಲ್ಲಿ ಹಳೆಯದನ್ನು ಇಟ್ಟರೆ, ಏನು ನಗಬೇಕು ಅಂತ ಕೂಗಿ ಹೇಳುತ್ತಿರುವ ಹಾಗೆ ಕಾಣುತ್ತದೆ. ಆಮೇಲೆ 2017ರಲ್ಲಿ ಹಿಂತಿರುಗಿ ಬೇರೆ ಹುಡುಗಿಯನ್ನು ನೋಡುವ ಹುಡುಗನ ಫೋಟೋ ಬಂತು, ನೆನಪಿದೆಯಾ? ಅದರಲ್ಲಿ ಮೇಲೆ ಕೆಳಗೆ ಏನೂ ಇಲ್ಲ. ಮೂವರ ಮೈಮೇಲೆ ಮೂರು ಹೆಸರುಪಟ್ಟಿ ಅಷ್ಟೇ. ಉಳಿದದ್ದನ್ನು ನೋಡುವವರೇ ಓದಿಕೊಳ್ಳುತ್ತಾರೆ.

ಎರಡನೆಯ ಕಾರಣ ನನಗೆ ಮುಖ್ಯ. ಒಂದು ಶೈಲಿಯನ್ನು ಯಾರು ಬಳಸುತ್ತಾರೆ ಅನ್ನುವುದು ಬದಲಾದಾಗ, ಆ ಶೈಲಿಗೆ ಒಂದು ದನಿ ಬರುತ್ತದೆ. 2012, 13ರ ಹೊತ್ತಿಗೆ ಜಾಹೀರಾತು ಕಂಪನಿಗಳು ಇದನ್ನು ಬಳಸತೊಡಗಿದವು. ಆಫೀಸಿನ ಪ್ರೆಸೆಂಟೇಶನ್ನಿನ ಮೂರನೇ ಸ್ಲೈಡಿನಲ್ಲಿ ಒಂದು ಮೀಮ್ ಬಂತು. ಅಡುಗೆಮನೆಯ ಸಿಂಕಿನ ಮೇಲೆ 'ಲೋಟ ತೊಳೆದಿಡಿ' ಅನ್ನುವ ನೋಟೀಸಿಗೂ ಇದೇ ಅಕ್ಷರ ಬಂತು. ಆಗ ಆ ಬಿಳಿ ಅಕ್ಷರ ಕಂಡ ಕೂಡಲೇ ಕಿವಿಗೆ ಒಂದು ಕಂಠ ಕೇಳುತ್ತದೆ: ತಮಾಷೆ ಮಾಡಬೇಕು ಅಂತ ಹೊರಟ, ತುಸು ತಡವಾಗಿ ಬಂದ, ಬಲು ಆತ್ಮವಿಶ್ವಾಸದ ಒಬ್ಬ ವ್ಯಕ್ತಿ. ಅವರು ಏನು ಹೇಳುತ್ತಿದ್ದಾರೆ ಅನ್ನುವುದಕ್ಕಿಂತ ಮುಂಚೆ ಅವರು ಯಾರು ಅನ್ನುವುದು ಗೊತ್ತಾಗಿಬಿಡುತ್ತದೆ. ವ್ಯಂಗ್ಯಕ್ಕೆ ಬೇಕಾದ್ದು ಇದೇ. ಕಂಠ ಸಿಕ್ಕಿದ ಮೇಲೆ ಅನುಕರಣೆ ಮಾಡಬಹುದು, ಅಲ್ವಾ?

ಈಗ ಆ 'ಬಾಟಮ್ ಟೆಕ್ಸ್ಟ್'ಗೆ ಬರೋಣ. 2010ರ ದಶಕದ ಕೊನೆಯಲ್ಲಿ ಒಂದು ಮೀಮ್ ಎಲ್ಲೆಡೆ ಕಾಣಿಸಿತು. ಚಿತ್ರದಲ್ಲಿ ಸಾಮಾನ್ಯವಾಗಿ ಜೋಕರ್, ಬ್ಯಾಟ್‌ಮ್ಯಾನ್ ಕತೆಗಳ ಖಳ. ಮೇಲೆ, ಇಂಪ್ಯಾಕ್ಟಿನಲ್ಲಿ, 'ನಾವು ಒಂದು ಸಮಾಜದಲ್ಲಿ ಬದುಕುತ್ತಿದ್ದೇವೆ'. ಕೆಳಗೆ, ಇಂಪ್ಯಾಕ್ಟಿನಲ್ಲಿ, 'ಬಾಟಮ್ ಟೆಕ್ಸ್ಟ್'. ನಾನು ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ, ಮೂಲ ಇಂಗ್ಲಿಷು.

ಇದನ್ನು ಸ್ವಲ್ಪ ಬಿಚ್ಚಿ ನೋಡೋಣ. ಮೇಲಿನ ಸಾಲು ಭಾರೀ ಗಂಭೀರ. ಸಮಾಜದ ಮುಖವಾಡ ಕಳಚುತ್ತೇನೆ ಅನ್ನುವ ಧಾಟಿ. ಇಂಥ ಮೀಮ್‌ಗಳು ನಿಜವಾಗಿಯೂ ಇದ್ದವು. ಮೇಲೆ 'ನಾವು ಎಂಥ ಸಮಾಜದಲ್ಲಿ ಬದುಕುತ್ತಿದ್ದೇವೆ ಅಂದರೆ' ಅಂತ ಶುರುವಾಗಿ, ಕೆಳಗೆ ಏನೋ ಒಂದು ದೊಡ್ಡ ಸತ್ಯ ಸಿಡಿಯುತ್ತಿತ್ತು. ಇಲ್ಲಿ ಆ ಮೊದಲ ಭಾಗವನ್ನು ಉಳಿಸಿ ಉಳಿದದ್ದನ್ನು ಕಿತ್ತಿದ್ದಾರೆ. ಕಿತ್ತ ಮೇಲೆ ಉಳಿದ ವಾಕ್ಯ ಏನು? ನಾವು ಒಂದು ಸಮಾಜದಲ್ಲಿ ಬದುಕುತ್ತಿದ್ದೇವೆ. ಹೌದು, ಬದುಕುತ್ತಿದ್ದೇವೆ. ಯಾರಿಗೂ ತಕರಾರಿಲ್ಲ. ಆದರೂ ಆ ದಪ್ಪ ಅಕ್ಷರ, ಆ ಜೋಕರ್ ಮುಖ ಸೇರಿ ಇನ್ನೇನೋ ಬರುತ್ತದೆ ಅಂತ ನಂಬಿಸುತ್ತವೆ. ಕಣ್ಣು ಚಿತ್ರ ದಾಟುತ್ತದೆ. ಆ ಹಳೆಯ ಉಸಿರು ಇಲ್ಲೂ ಇದೆ. ಕೆಳಗೆ ಇಳಿದರೆ ಸಿಗುವುದು ತುಂಬದೆ ಬಿಟ್ಟ ಪೆಟ್ಟಿಗೆ.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾದರೆ ಒಂದೊಂದೇ ಭಾಗ ಬದಲಿಸಿ ನೋಡಬೇಕು. ಪರದೆಯ ಮೇಲೆ ನಾಲ್ಕು ಮಾದರಿ ಮಾಡಿದ್ದೇನೆ. ಮೊದಲನೆಯದರಲ್ಲಿ ಕೆಳಗೆ ಏನೂ ಇಲ್ಲ, ಖಾಲಿ. ನಗು ಬರುವುದಿಲ್ಲ, ಅಪ್‌ಲೋಡ್ ಸರಿಯಾಗಿಲ್ಲವೇನೋ ಅನ್ನಿಸುತ್ತದೆ. ಎರಡನೆಯದರಲ್ಲಿ ಕೆಳಗೆ 'ಅಷ್ಟೇ' ಅಂತಿದೆ. ಸ್ವಲ್ಪ ತಮಾಷೆ, ಆದರೆ ಈಗ ಬರೆದವರು ನಮ್ಮ ಜೊತೆ ಕಣ್ಣು ಮಿಟುಕಿಸುತ್ತಿದ್ದಾರೆ. ಜಾಣತನ ತೋರಿಸಿಕೊಂಡರು. ಮೂರನೆಯದರಲ್ಲಿ 'ಬಾಟಮ್ ಟೆಕ್ಸ್ಟ್' ಇದೆ, ಆದರೆ ಬಿಳಿ ಪಟ್ಟಿಯ ಮೇಲೆ ಸಾದಾ ಫಾಂಟಿನಲ್ಲಿ. ಸತ್ತೇ ಹೋಯಿತು. ಯಾಕೆಂದರೆ ಆ ಶೈಲಿಯಲ್ಲಿ ಕೆಳಗೊಂದು ಪೆಟ್ಟಿಗೆ ಇರಬೇಕು ಅನ್ನುವ ಕರಾರೇ ಇಲ್ಲ. ನಾಲ್ಕನೆಯದು ಮೂಲ. ಕಣ್ಣು ಮಿಟುಕಿಸುವವರು ಯಾರೂ ಇಲ್ಲ. ಸಮಾಜದ ಬಗ್ಗೆ ಗುಡುಗಲು ಹೊರಟ ಯಾರೋ ಮೊದಲ ಪೆಟ್ಟಿಗೆ ತುಂಬಿ, ಎರಡನೆಯದಕ್ಕೆ ಬಂದಾಗ ಹೇಳಲು ಏನೂ ಇಲ್ಲದೆ ಹಾಗೆಯೇ ಬಟನ್ ಒತ್ತಿಬಿಟ್ಟಿದ್ದಾರೆ ಅನ್ನುವ ಪೂರ್ತಿ ಕತೆ ಅದರಲ್ಲಿದೆ. ನಗುವುದು ಆ ಕಾಣದ ವ್ಯಕ್ತಿಗೆ.

ನನಗೆ ಇಷ್ಟವಾಗುವುದು ಏನೆಂದರೆ, ಈ ಜೋಕ್ ಹಳೆಯ ನಿಯಮವನ್ನು ಒಂದಿಷ್ಟೂ ಮುರಿದಿಲ್ಲ. ಅದೇ ಫಾಂಟು, ಅದೇ ಅಂಚು, ಅದೇ ಎರಡು ಸಾಲು, ಮಧ್ಯೆ ಅದೇ ಬಿಡುವು. ಹಳೆಯ ಯಂತ್ರವನ್ನು ಸರಿಯಾಗಿಯೇ ಓಡಿಸುತ್ತದೆ, ಒಳಗೆ ಸರಕು ಮಾತ್ರ ಹಾಕುವುದಿಲ್ಲ. ಮುಂದೆ ಇದು ಚಿತ್ರವನ್ನೂ ಬಿಟ್ಟು ಓಡಾಡಿತು. ಯಾರಾದರೂ ದೊಡ್ಡ ದೊಡ್ಡ ಮಾತು ಬರೆದರೆ, ಕೆಳಗೆ ಒಬ್ಬರು ಸುಮ್ನೆ 'ಬಾಟಮ್ ಟೆಕ್ಸ್ಟ್' ಅಂತ ಬರೆದು ಹೋಗುತ್ತಾರೆ. ಆ ಎರಡು ಪದವೇ ಈಗ ಅಣಕ.

ನಾನು ಶುರುವಿನಲ್ಲಿ ತೋರಿಸಿದ 'ಪೆಂಗ್ವಿನ್ / ನಡೆಯುತ್ತಿದೆ' ಇದರ ತಮ್ಮ. ಅಲ್ಲಿ ಸರಕು ಇದೆ, ಆದರೆ ಜೋಕಿನ ಸರಕಲ್ಲ. ಚಿತ್ರದಲ್ಲಿ ಕಾಣುತ್ತಿರುವುದನ್ನೇ ಗಂಭೀರವಾಗಿ ವರದಿ ಮಾಡುತ್ತದೆ. ಪೆಂಗ್ವಿನ್ ನಿಯಮ ಗೊತ್ತಿದ್ದವರಿಗೆ ಮಾತ್ರ ಅದರ ಖಾಲಿತನ ಕಾಣುತ್ತದೆ. ಮುಂದಿನ ಸಾಲಿನವರು ತಿರುಗಿ ನೋಡಿದ್ದು ಅದಕ್ಕೇ ಇರಬೇಕು, ಅಥವಾ ಅವರಿಗೆ ಆ ನಿಯಮ ನನಗಿಂತ ಚೆನ್ನಾಗಿ ಗೊತ್ತಿದ್ದು, ಅದನ್ನು ಕೆಡಿಸಿದ್ದಕ್ಕೆ ಬೇಸರವಾಗಿರಬೇಕು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಕಂಡ ಚಿತ್ರ ಹಳೆಯದೇ ಹೌದಾ, ಹಳೆಯದರ ನಟನೆಯಾ, ಹೇಗೆ ಗೊತ್ತಾಗುತ್ತದೆ? ಕೊಳೆ ನೋಡಬೇಕು. ಜೆಪೆಗ್ ಚಿತ್ರವನ್ನು ಇಳಿಸಿಕೊಂಡು ಮತ್ತೆ ಹಾಕಿದಾಗ, ಹಲವು ಸೈಟುಗಳು ಅದನ್ನು ಮತ್ತೊಮ್ಮೆ ಒತ್ತಿ ಕುಗ್ಗಿಸುತ್ತವೆ. ಜೆಪೆಗ್ ಚಿತ್ರವನ್ನು ಎಂಟಕ್ಕೆಂಟು ಚುಕ್ಕಿಯ ಚೌಕಗಳಾಗಿ ಮಾಡಿ ಒತ್ತುತ್ತದೆ. ಬಹಳ ಸಲ ಒತ್ತಿದ ಮೇಲೆ ಆ ಚೌಕಗಳೇ ಕಾಣತೊಡಗುತ್ತವೆ. ಬಿಳಿ ಅಕ್ಷರದ ಕಪ್ಪು ಅಂಚಿನ ಸುತ್ತ ಸೊಳ್ಳೆ ಮುತ್ತಿದ ಹಾಗೆ ಚುಕ್ಕಿಗಳು ಏಳುತ್ತವೆ. ನಿಜವಾಗಿ ಓಡಾಡಿದ ಚಿತ್ರದಲ್ಲಿ ಈ ಕೊಳೆ ಪದರ ಪದರವಾಗಿರುತ್ತದೆ. ಒಳಗಿನ ಫೋಟೋ ತೀರಾ ಮಸುಕು, ಅಕ್ಷರ ಸ್ವಲ್ಪ ಮಸುಕು, ಮೂಲೆಯಲ್ಲಿ ಕೊನೆಗೆ ಯಾರೋ ಅಂಟಿಸಿದ ಸೈಟಿನ ಹೆಸರು ಇನ್ನೂ ಚೂಪು. ಯಾವುದು ಮೊದಲು ಬಂತು, ಯಾವುದು ಆಮೇಲೆ ಅಂತ ಓದಬಹುದು.

ವ್ಯಂಗ್ಯಕ್ಕೆ ಮಾಡಿದ್ದರಲ್ಲಿ ಕೊಳೆ ಒಂದೇ ಸಮ ಇರುತ್ತದೆ. ಎಲ್ಲ ಮುಗಿದ ಮೇಲೆ ಒಂದೇ ಸಲ ಬಳಿದಿದ್ದಾರೆ, ಹಾಗಾಗಿ ಫೋಟೋ, ಅಕ್ಷರ, ಮೂಲೆಯ ಗುರುತು ಎಲ್ಲ ಒಂದೇ ಮಟ್ಟಕ್ಕೆ ಕೆಟ್ಟಿರುತ್ತವೆ. 2010ರ ದಶಕದ ನಡುವಿನಿಂದ ಡೀಪ್ ಫ್ರೈಡ್ ಅಂತ ಒಂದು ಬಗೆ ಬಂತು. ಬಣ್ಣವನ್ನು ಕಿತ್ತಳೆ ಕೆಂಪಿಗೆ ಏರಿಸಿ, ಅಂಚುಗಳನ್ನು ವಿಪರೀತ ಚೂಪು ಮಾಡಿ, ಬೇಕಂತಲೇ ಹಾಳು ಮಾಡುವುದು. ನಿಜವಾದ ಸವೆತದಲ್ಲಿ ಬಣ್ಣ ಸಾಮಾನ್ಯವಾಗಿ ಹೀಗೆ ಉರಿಯುವುದಿಲ್ಲ, ಮಂಕಾಗುತ್ತದೆ. ಇನ್ನೊಂದು ಗುರುತು ಅಕ್ಷರದಲ್ಲೇ ಇದೆ. ಆಂಡ್ರಾಯ್ಡ್ ಫೋನುಗಳಲ್ಲಿ ಇಂಪ್ಯಾಕ್ಟ್ ಮೊದಲಿಂದ ಇರುವುದಿಲ್ಲ. ಆಪ್‌ಗಳು ಅದೇ ಥರ ಕಾಣುವ ಬೇರೆ ಫಾಂಟು ಹಾಕುತ್ತವೆ, ಆಂಟನ್ ಅನ್ನುವುದು ಅಂಥದ್ದೊಂದು. ಅಕ್ಷರ ಸ್ವಲ್ಪ ಹೆಚ್ಚು ಎತ್ತರ, ಸ್ವಲ್ಪ ಹೆಚ್ಚು ಸಪೂರ ಕಂಡರೆ, ಅದು ಫೋನಿನಲ್ಲಿ ಹುಟ್ಟಿದ್ದಿರಬಹುದು. ಇದು ಖಚಿತ ಸಾಕ್ಷಿ ಅಲ್ಲ, ಅನುಮಾನಕ್ಕೆ ಕಾರಣ ಮಾತ್ರ.

ಆದರೆ ಕೊಳೆ, ಫಾಂಟು ಎರಡೂ ಹೇಳದೆ ಇರುವ ಒಂದು ವಿಷಯ ಇದೆ, ಕಳಿಸಿದವರ ಮನಸ್ಸಿನಲ್ಲಿ ಏನಿತ್ತು ಅನ್ನುವುದು. ಅಣಕಕ್ಕೆ ಮಾಡಿದ ಸಮಾಜದ ಮೀಮ್ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಹೋದಾಗ, ಅಲ್ಲಿ ಯಾರೋ ಅದನ್ನು ಗಂಭೀರವಾಗಿ ಒಪ್ಪಿ ಮುಂದಕ್ಕೆ ಕಳಿಸುತ್ತಾರೆ. ಚಿತ್ರ ಒಂದು ಚುಕ್ಕಿಯೂ ಬದಲಾಗಿಲ್ಲ, ಅರ್ಥ ಮಾತ್ರ ತಿರುವುಮುರುವಾಗಿದೆ. ಆಮೇಲೆ ಅವರು ಒಪ್ಪಿ ಕಳಿಸಿದ್ದೇ ಮೂರನೇ ಗುಂಪಿಗೆ ಜೋಕ್ ಆಗುತ್ತದೆ. ದೊಡ್ಡವರು ಹೀಗೆ ನಂಬಿ ಕಳಿಸಿದ್ದನ್ನು ಹಿಡಿದು ನಗುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಅದು ಸುಲಭದ ಬೇಟೆ. ತುಂಬದ ಪೆಟ್ಟಿಗೆಗೆ ನಗುವುದು ಬೇರೆ, ಮನಸ್ಸಿಟ್ಟು ಪೆಟ್ಟಿಗೆ ತುಂಬಿದವರಿಗೆ ನಗುವುದು ಬೇರೆ.

ಕೊನೆಯದಾಗಿ ಈ ಕಡೆ ಕೂತವರೊಬ್ಬರು ಚೀಟಿಯಲ್ಲಿ ಕೇಳಿದ್ದಾರೆ: ಹಾಗಾದರೆ ಆ ಬಿಳಿ ಅಕ್ಷರವನ್ನು ಇನ್ನು ಯಾರೂ ನೇರವಾಗಿ ಬಳಸುವಂತಿಲ್ಲವೇ? ಬಳಸುತ್ತಿದ್ದೀರಿ, ನೀವೇ, ದಿನವೂ. ನಿಮ್ಮ ಫೋನಿನಲ್ಲಿ ಒಂದು ಸಣ್ಣ ವಿಡಿಯೋ ತೆರೆದು ನೋಡಿ. ಮಾತಾಡುವವರ ಮಾತು ಕೆಳಗೆ ಅಕ್ಷರವಾಗಿ ಬರುತ್ತಿರುತ್ತದಲ್ಲ, ಬಹಳ ಕಡೆ ಅದು ದಪ್ಪ ಬಿಳಿ ಅಕ್ಷರ, ಸುತ್ತ ಕಪ್ಪು ಅಂಚು. ಹಿನ್ನೆಲೆ ಕ್ಷಣಕ್ಷಣಕ್ಕೂ ಬದಲಾಗುವ ಕಡೆ ಇದಕ್ಕಿಂತ ಅಗ್ಗದ ಉಪಾಯ ಇನ್ನೂ ಸಿಕ್ಕಿಲ್ಲ. ಅದನ್ನು ನೋಡಿ ಯಾರೂ ಹಳೇ ಶೈಲಿ ಅಂತ ನಗುವುದಿಲ್ಲ, ಯಾಕೆಂದರೆ ಫಾಂಟು ಬೇರೆ, ಮೇಲೆ ಸಾಲಿಲ್ಲ, ಮಧ್ಯೆ ಕಾಯುವ ಮುಖ ಇಲ್ಲ. ನಂಬಿಕೆ ಬಾರದಿದ್ದರೆ ಅದೇ ವಿಡಿಯೋವನ್ನು ಒಂದು ಕಡೆ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು, ಫಾಂಟನ್ನು ಇಂಪ್ಯಾಕ್ಟ್‌ಗೆ ಬದಲಿಸಿ, ಆ ಸಾಲನ್ನು ಎರಡಾಗಿ ಮುರಿದು ಅರ್ಧವನ್ನು ಮೇಲಕ್ಕೆ ಹಾಕಿ. ಮಾತಾಡಿದವರು ಹವಾಮಾನದ ಬಗ್ಗೆ ಹೇಳುತ್ತಿದ್ದರೂ ಸರಿ, ಪಕ್ಕದಲ್ಲಿ ಕೂತವರು ಇದು ಯಾವುದರ ಅಣಕ ಅಂತ ಕೇಳುತ್ತಾರೆ.